ಮಿಂಚು ಹೊಡೆದದ್ದು ಒಮ್ಮೆ, ಕಥೆ ಹುಟ್ಟಿದ್ದು ನಾಲ್ಕು ಸಲ

(ಉಡುಪಿಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಯಕ್ಷಗಾನ ನೋಡುವ ಊರಿನಲ್ಲಿ ಈ ವಿಷಯ ಮಾತಾಡುವುದು ಸುಲಭ. ಪ್ರಸಂಗ ಒಂದೇ ಆದರೂ ಮೇಳದಿಂದ ಮೇಳಕ್ಕೆ ಆಟ ಬೇರೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪದ್ಯ ಕವಿಯದ್ದು, ಅರ್ಥ ವೇಷಧಾರಿಯದ್ದು. ಇಡೀ ರಾತ್ರಿ ಆಡುತ್ತಿದ್ದ ಪ್ರಸಂಗವನ್ನು ಕಾಲಮಿತಿಗೆ ಇಳಿಸುವಾಗ ಯಾವ ಪದ್ಯ ಬಿಡಬೇಕು, ಯಾವುದನ್ನು ಬಿಟ್ಟರೆ ಕಥೆಯೇ ಕುಸಿಯುತ್ತದೆ ಎಂಬ ಲೆಕ್ಕಾಚಾರವೂ ನಿಮಗೆ ಗೊತ್ತು. ಕಾಮಿಕ್ಸನ್ನು ಟಿವಿಗೆ ತರುವವರು ಮಾಡುವುದೂ ಇಂಥದ್ದೇ ಕೆಲಸ. ಆದರೆ ಅವರಿಗೆ ಇನ್ನೊಂದು ತೊಂದರೆ ಇದೆ. ಅವರ ಮುಂದಿರುವುದು ಒಂದು ಪ್ರಸಂಗ ಅಲ್ಲ, ಒಂದೇ ನಾಯಕನ ಮೇಲೆ ಎಪ್ಪತ್ತು ಎಂಬತ್ತು ವರ್ಷಗಳಿಂದ ಹತ್ತಾರು ಜನ ಬರೆದ, ಒಂದಕ್ಕೊಂದು ಹೊಂದದ ಪ್ರಸಂಗಗಳ ರಾಶಿ.

ಇವತ್ತು ಒಂದೇ ಧಾರಾವಾಹಿಯನ್ನು ತೆಗೆದುಕೊಳ್ಳುತ್ತೇನೆ. 'ದಿ ಫ್ಲ್ಯಾಶ್'. ಕಾರ್ಟೂನ್ ಅಲ್ಲ, ನಟರೇ ಅಭಿನಯಿಸಿದ ಧಾರಾವಾಹಿ. ಅಮೆರಿಕದ ಸಿಡಬ್ಲ್ಯು ಚಾನೆಲ್‌ನಲ್ಲಿ 2014ರ ಅಕ್ಟೋಬರ್ 7ರಂದು ಶುರುವಾಗಿ 2023ರ ಮೇ ತಿಂಗಳಲ್ಲಿ ಮುಗಿಯಿತು. ಒಂಬತ್ತು ಸೀಸನ್, 184 ಕಂತು. ಇದರಲ್ಲಿಯೂ ನಾನು ಮುಖ್ಯವಾಗಿ ಹಿಡಿದುಕೊಳ್ಳುವುದು ಒಂದೇ ದೃಶ್ಯ: ಬ್ಯಾರಿ ಅಲೆನ್ ಎಂಬ ಪೊಲೀಸ್ ಪ್ರಯೋಗಾಲಯದ ವಿಜ್ಞಾನಿಗೆ ಸಿಡಿಲು ಹೊಡೆಯುವುದು. ಅದೊಂದು ದೃಶ್ಯವನ್ನು ಬಿಚ್ಚಿ ನೋಡಿದರೆ ಟಿವಿಯವರು ಎಲ್ಲೆಲ್ಲಿಂದ ಏನೇನು ತಂದರು, ಏಕೆ ತಂದರು ಎಂಬುದು ತಿಳಿಯುತ್ತದೆ.

ಮೊದಲು ಮೂಲಕ್ಕೆ ಹೋಗೋಣ. ಫ್ಲ್ಯಾಶ್ ಎಂಬ ಹೆಸರಿನ ಮೊದಲ ನಾಯಕ ಬ್ಯಾರಿ ಅಲ್ಲ, ಜೇ ಗ್ಯಾರಿಕ್. 1940ರ 'ಫ್ಲ್ಯಾಶ್ ಕಾಮಿಕ್ಸ್' ಒಂದನೇ ಸಂಚಿಕೆಯಲ್ಲಿ ಬಂದವನು. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಹ್ಯಾರಿ ಲ್ಯಾಂಪರ್ಟ್. ಇವನಿಗೆ ವೇಗ ಬಂದದ್ದು ಸಿಡಿಲಿನಿಂದಲ್ಲ, ಪ್ರಯೋಗಾಲಯದಲ್ಲಿ ಉಸಿರಾಡಿದ 'ಹಾರ್ಡ್ ವಾಟರ್' ಆವಿಯಿಂದ. ಹಾರ್ಡ್ ವಾಟರ್ ಎಂದರೆ ಗಡಸು ನೀರು. ಸುಣ್ಣದ ಅಂಶ ಜಾಸ್ತಿ ಇರುವ, ಸೋಪು ಹಾಕಿದರೆ ನೊರೆ ಬಾರದ ಬೋರ್‌ವೆಲ್ ನೀರು ಇದೆಯಲ್ಲ, ಅದೇ. ಅದರ ಆವಿ ಕುಡಿದರೆ ವೇಗ ಬರುವುದಾದರೆ ಅರ್ಧ ಕರ್ನಾಟಕ ಓಡುತ್ತಿರಬೇಕಿತ್ತು. ಮುಂದೆ ಬಂದ ಲೇಖಕರಿಗೂ ಇದು ಮುಜುಗರ ತಂದಿರಬೇಕು, ಅವರು ಅದನ್ನು ಭಾರಜಲ ಎಂದು ತಿದ್ದಿಕೊಂಡರು. ಭಾರಜಲ ಕೆಲವು ಬಗೆಯ ಅಣು ರಿಯಾಕ್ಟರ್‌ಗಳಲ್ಲಿ ಬಳಸುವ ನೀರು. ಅದರಿಂದಲೂ ವೇಗ ಬರುವುದಿಲ್ಲ, ಆದರೆ ಓದುವವರಿಗೆ ಪರಿಚಯವಿಲ್ಲದ ವಸ್ತು, ಹಾಗಾಗಿ ನಂಬಿಕೆ ಬರುತ್ತದೆ. ಶಕ್ತಿಯ ಮೂಲ ಅಡುಗೆಮನೆಯ ವಸ್ತು ಆಗಿರಬಾರದು ಎಂಬ ಪಾಠ ಕಾಮಿಕ್ಸಿನವರು ಕಲಿತದ್ದು ಹೀಗೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಬೇಡಿಕೆ ಇಳಿಯಿತು. 1949ರಲ್ಲಿ 'ಫ್ಲ್ಯಾಶ್ ಕಾಮಿಕ್ಸ್' ನಿಂತಿತು. 1956ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಹೆಸರನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಹೊಸದು ಮಾಡಿಸಿದರು. 'ಷೋಕೇಸ್' ನಾಲ್ಕನೇ ಸಂಚಿಕೆ. ಹುಟ್ಟಿನ ಕಥೆ ಬರೆದವರು ರಾಬರ್ಟ್ ಕ್ಯಾನಿಗರ್, ಚಿತ್ರ ಕಾರ್ಮೈನ್ ಇನ್ಫ್ಯಾಂಟಿನೊ. ಬ್ಯಾರಿ ರಾತ್ರಿ ಪ್ರಯೋಗಾಲಯದಲ್ಲಿ ಇದ್ದಾನೆ, ಸಿಡಿಲು ಬಂದು ರಾಸಾಯನಿಕಗಳ ಕಪಾಟಿಗೆ ಹೊಡೆಯುತ್ತದೆ, ಒಡೆದ ಬಾಟಲಿಗಳ ದ್ರವವೆಲ್ಲ ಅವನ ಮೇಲೆ ಬೀಳುತ್ತದೆ. ಆಮೇಲೆ ಒಂದು ಟ್ಯಾಕ್ಸಿ ಹಿಡಿಯಲು ಓಡಿದರೆ ಟ್ಯಾಕ್ಸಿಯನ್ನೇ ದಾಟಿ ಹೋಗುತ್ತಾನೆ. ಹೋಟೆಲಿನಲ್ಲಿ ಕೂತರೆ ಪರಿಚಾರಿಕೆಯ ಕೈಯಿಂದ ಜಾರಿದ ತಟ್ಟೆ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ, ಚೆಲ್ಲಿದ್ದನ್ನೆಲ್ಲ ಅವನು ಹಿಡಿದು ತಟ್ಟೆಗೆ ವಾಪಸ್ ಹಾಕುತ್ತಾನೆ. ಬ್ಯಾರಿ ಸಣ್ಣವನಿದ್ದಾಗ ಓದಿದ ಕಾಮಿಕ್ ಯಾವುದು ಗೊತ್ತೆ? ಜೇ ಗ್ಯಾರಿಕ್‌ನ ಫ್ಲ್ಯಾಶ್. ಹೆಸರು ಅಲ್ಲಿಂದಲೇ ತೆಗೆದುಕೊಳ್ಳುತ್ತಾನೆ. ಅಂದರೆ ಹೊಸ ಫ್ಲ್ಯಾಶ್‌ನ ಲೋಕದಲ್ಲಿ ಹಳೆಯ ಫ್ಲ್ಯಾಶ್ ಒಂದು ಪುಸ್ತಕದ ಪಾತ್ರ.

ಈ ಕಥೆಯಲ್ಲಿ ಏನು ಇಲ್ಲ ಎಂಬುದನ್ನು ಗಮನಿಸಿ. ದುಃಖ ಇಲ್ಲ. ಯಾರೂ ಸತ್ತಿಲ್ಲ. ಸೇಡು ಇಲ್ಲ. ಒಬ್ಬ ಸಜ್ಜನನಿಗೆ ಶಕ್ತಿ ಬಂತು, ಅದನ್ನು ಊರಿನ ಒಳಿತಿಗೆ ಬಳಸೋಣ ಎಂದುಕೊಂಡ, ಅಷ್ಟೆ. ಕೆಲವೇ ಪುಟಗಳ ಕಾಮಿಕ್‌ಗೆ ಅಷ್ಟು ಸಾಕು. ವಾರ ವಾರ ಬರುವ ಧಾರಾವಾಹಿಗೆ ಸಾಲದು. ಆರು ತಿಂಗಳು ನೋಡುಗರನ್ನು ಹಿಡಿದಿಡಲು ನಾಯಕನ ಮನಸ್ಸಿನಲ್ಲಿ ತೀರದ ಒಂದು ಲೆಕ್ಕ ಇರಬೇಕು.

1990ರಲ್ಲಿ ಸಿಬಿಎಸ್ ಚಾನೆಲ್ ಮೊದಲ ಫ್ಲ್ಯಾಶ್ ಧಾರಾವಾಹಿ ತಂದಾಗ ಡ್ಯಾನಿ ಬಿಲ್ಸನ್ ಮತ್ತು ಪಾಲ್ ಡಿ ಮಿಯೊ ಈ ಕೊರತೆಯನ್ನು ತುಂಬಿದರು. ಸಿಡಿಲು, ರಾಸಾಯನಿಕ ಹಾಗೆಯೇ ಇಟ್ಟರು. ಬ್ಯಾರಿಗೆ ಒಬ್ಬ ಅಣ್ಣನನ್ನು ಕೊಟ್ಟರು, ಪೊಲೀಸ್ ಕೆಲಸದವನು, ಅವನನ್ನು ಒಂದು ಬೈಕ್ ಗುಂಪಿನವರು ಕೊಲ್ಲುತ್ತಾರೆ. ಅಣ್ಣನ ಹೆಸರು ಜೇ. ಹಳೆಯ ಓದುಗರಿಗೆ ಅದು ಗುರುತಿನ ಗಂಟು. ಬ್ಯಾರಿಯ ಉಡುಪಿಗೂ ಕಾರಣ ಕಟ್ಟಿದರು. ಕಾಮಿಕ್ಸಿನಲ್ಲಿ ಕೆಂಪು ಉಡುಪು ಬೆರಳಿನ ಉಂಗುರದೊಳಗೆ ಮಡಚಿಕೊಂಡಿದ್ದು, ಉಂಗುರ ತೆರೆದಾಗ ಗಾಳಿ ತಗಲಿ ಹಿಗ್ಗುತ್ತದೆ. ಟಿವಿಯಲ್ಲಿ ಅದು ಆಳ ಸಮುದ್ರಕ್ಕೆ ಇಳಿಯಲು ಸೋವಿಯತ್ ದೇಶದಲ್ಲಿ ಮಾಡಿದ ಪ್ರಯೋಗದ ಉಡುಪು ಆಯಿತು. ಓಡುವಾಗ ಸಾಮಾನ್ಯ ಬಟ್ಟೆ ಸುಟ್ಟು ಹರಿದು ಹೋಗುತ್ತದಲ್ಲ, ಅದಕ್ಕೆ ಇದು. ಬ್ಯಾರಿಯ ವೇಷ ಹಾಕಿದವರು ಜಾನ್ ವೆಸ್ಲಿ ಶಿಪ್. ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಆ ಧಾರಾವಾಹಿ ಒಂದೇ ಸೀಸನ್ನಿಗೆ ನಿಂತಿತು.

ಮೂರನೇ ಹುಟ್ಟು ಮತ್ತೆ ಕಾಮಿಕ್ಸಿನಲ್ಲಿ. 2009ರ 'ಫ್ಲ್ಯಾಶ್: ರೀಬರ್ತ್'. ಬರೆದವರು ಜೆಫ್ ಜಾನ್ಸ್. ಅಲ್ಲಿಯವರೆಗಿನ ಕಾಮಿಕ್ಸಿನಲ್ಲಿ ಬ್ಯಾರಿಯ ಅಪ್ಪ ಅಮ್ಮ ಚೆನ್ನಾಗಿಯೇ ಬದುಕಿದ್ದವರು. ಜಾನ್ಸ್ ಬರೆದದ್ದು ಏನೆಂದರೆ, ಭವಿಷ್ಯದಿಂದ ಬಂದ ವೈರಿ ಇಯೊಬಾರ್ಡ್ ಥಾನ್ ಹಿಂದಿನ ಕಾಲಕ್ಕೆ ಹೋಗಿ ಬ್ಯಾರಿಯ ತಾಯಿ ನೋರಾಳನ್ನು ಕೊಂದ, ಅಪರಾಧ ತಂದೆ ಹೆನ್ರಿಯ ಮೇಲೆ ಬಿತ್ತು. ಥಾನ್ ಹೊಸ ಪಾತ್ರ ಅಲ್ಲ, 1963ರಿಂದ ಇದ್ದವನು, ಹಳದಿ ಉಡುಪಿನ ರಿವರ್ಸ್ ಫ್ಲ್ಯಾಶ್. ಜಾಣತನ ಇರುವುದು ಇಲ್ಲಿ: ವೈರಿ ಕಾಲದಲ್ಲಿ ಹಿಂದೆ ಹೋಗಬಲ್ಲವನು ಎಂಬುದು ಮೊದಲೇ ಸ್ಥಾಪಿತ ಆಗಿತ್ತು. ಆದ್ದರಿಂದ ಹಳೆಯ ಕಥೆಗಳು ಸುಳ್ಳು ಎನ್ನಬೇಕಾಗಿಲ್ಲ, ವೈರಿ ಬಂದು ಭೂತಕಾಲವನ್ನೇ ಬದಲಾಯಿಸಿದ ಎಂದರೆ ಆಯಿತು.

ಇನ್ನು 2014. ಧಾರಾವಾಹಿ ಕಟ್ಟಿದವರು ಮೂವರು: ಗ್ರೆಗ್ ಬರ್ಲಾಂಟಿ, ಆಂಡ್ರ್ಯೂ ಕ್ರೈಸ್‌ಬರ್ಗ್ ಮತ್ತು ಅದೇ ಜೆಫ್ ಜಾನ್ಸ್. ಪ್ರಸಂಗಕರ್ತನೇ ಚೌಕಿಯಲ್ಲಿ ಕೂತ ಹಾಗೆ. ತಾಯಿಯ ಕೊಲೆ ಮೊದಲ ದೃಶ್ಯಗಳಲ್ಲಿಯೇ ಬರುತ್ತದೆ. ಹನ್ನೊಂದು ವರ್ಷದ ಹುಡುಗ ಮನೆಯೊಳಗೆ ಸುತ್ತುವ ಹಳದಿ ಕೆಂಪು ಗೆರೆಗಳ ನಡುವೆ ತಾಯಿಯನ್ನು ನೋಡುತ್ತಾನೆ. ಮಿಂಚು ಹೊಡೆಯುವ ದೃಶ್ಯದಲ್ಲಿ 1956ರ ಕಪಾಟು, ಬಾಟಲಿ ಎಲ್ಲ ಇವೆ. ಎಚ್ಚರವಾದ ಮೇಲೆ ಕಾಫಿ ಅಂಗಡಿಯಲ್ಲಿ ಜಾರುವ ತಟ್ಟೆ ನಿಧಾನಕ್ಕೆ ಬೀಳುವಂತೆ ಅವನಿಗೆ ಕಾಣುವುದೂ ಇದೆ. ಇನ್ನೂ ಸೊಗಸಾದ ಒಂದು ಸಂಗತಿ: ಈ ಬ್ಯಾರಿಯ ತಂದೆ ಹೆನ್ರಿಯ ಪಾತ್ರ ಮಾಡಿದವರು ಜಾನ್ ವೆಸ್ಲಿ ಶಿಪ್. 1990ರ ಬ್ಯಾರಿ 2014ರ ಬ್ಯಾರಿಗೆ ಅಪ್ಪ.

ಹಾಗಾದರೆ 2014ರವರು ಹೊಸದಾಗಿ ಸೇರಿಸಿದ್ದು ಏನು? ಒಂದು ಯಂತ್ರ. ಕಣ ವೇಗವರ್ಧಕ, ಪಾರ್ಟಿಕಲ್ ಆಕ್ಸಿಲರೇಟರ್. ಹ್ಯಾರಿಸನ್ ವೆಲ್ಸ್ ಎಂಬ ವಿಜ್ಞಾನಿ ಸ್ಟಾರ್ ಲ್ಯಾಬ್ಸ್‌ನಲ್ಲಿ ಅದನ್ನು ಚಾಲೂ ಮಾಡಿದ ರಾತ್ರಿಯೇ ಅದು ಸಿಡಿಯುತ್ತದೆ, ಅದರ ಅಲೆ ಊರಿನ ಮೇಲೆ ಹರಡುತ್ತದೆ, ಆ ಅಲೆ ತಗಲಿದ ಮೋಡದಿಂದ ಬಂದ ಸಿಡಿಲೇ ಬ್ಯಾರಿಗೆ ಹೊಡೆಯುವುದು. ಒಂಬತ್ತು ತಿಂಗಳು ಅವನಿಗೆ ಪ್ರಜ್ಞೆ ಇರುವುದಿಲ್ಲ. ವೆಲ್ಸ್ ಎಂಬ ಪಾತ್ರ ಕಾಮಿಕ್ಸಿನದ್ದಲ್ಲ, ಟಿವಿಗೆಂದೇ ಮಾಡಿದ್ದು. ಅದಕ್ಕೂ ಕಾರಣ ಇದೆ. ಎಲ್ಲ ಪಾತ್ರಗಳೂ ಕಾಮಿಕ್ಸಿನವೇ ಆದರೆ ಓದಿದವನಿಗೆ ಮುಂದಿನದ್ದು ಮೊದಲೇ ತಿಳಿದುಬಿಡುತ್ತದೆ. ವೆಲ್ಸ್ ಯಾರು ಎಂಬುದು ಓದಿದವನಿಗೂ ಓದದವನಿಗೂ ಸಮಾನವಾಗಿ ಒಗಟು. ಆ ಒಗಟಿನ ಉತ್ತರ ಮಾತ್ರ ಕಾಮಿಕ್ಸಿನದ್ದೇ: ವೆಲ್ಸ್‌ನ ರೂಪದಲ್ಲಿ ಇದ್ದವನು ಥಾನ್.

ಈ ಯಂತ್ರ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಮೊದಲ ಸೀಸನ್ನಿನಲ್ಲಿ 23 ಕಂತು. ಸುಮಾರು ವಾರಕ್ಕೊಂದು ಬಣ್ಣದ ವೇಷ ರಂಗಸ್ಥಳಕ್ಕೆ ಬರಬೇಕು. ಕಾಮಿಕ್ಸಿನಲ್ಲಿ ಪ್ರತಿ ಖಳನಿಗೂ ಬೇರೆ ಬೇರೆ ಹುಟ್ಟಿನ ಕಥೆ. ಒಬ್ಬನಿಗೆ ಮಂತ್ರದಂಡದಂಥ ಉಪಕರಣ, ಇನ್ನೊಬ್ಬನಿಗೆ ಕನ್ನಡಿ, ಮತ್ತೊಬ್ಬ ಮಾತಾಡುವ ಗೊರಿಲ್ಲಾ. ಒಂದು ಕಂತಿನ ಅವಧಿ ಜಾಹೀರಾತು ಬಿಟ್ಟು ಸುಮಾರು 42 ನಿಮಿಷ. ಪ್ರತಿ ವಾರ ಅದರಲ್ಲಿ ಹತ್ತು ನಿಮಿಷ 'ಇವನಿಗೆ ಶಕ್ತಿ ಎಲ್ಲಿಂದ ಬಂತು' ಎಂಬುದಕ್ಕೇ ಹೋದರೆ ಆಟ ಮುಂದೆ ಸಾಗುವುದಿಲ್ಲ. ಒಂದೇ ಸ್ಫೋಟ ಇಟ್ಟರೆ 'ಆ ರಾತ್ರಿ ಅವನೂ ಅಲ್ಲಿದ್ದ' ಎಂಬ ಒಂದು ವಾಕ್ಯಕ್ಕೆ ಕೆಲಸ ಮುಗಿಯುತ್ತದೆ. ನಾಯಕನೂ ಖಳರೂ ಒಂದೇ ಅಪಘಾತದ ಮಕ್ಕಳು ಎಂಬ ಸಂಬಂಧವೂ ಸಿಗುತ್ತದೆ. ಈ ಉಪಾಯ ಇದಕ್ಕೂ ಮುಂಚೆ ಕಂಡದ್ದು ಸೂಪರ್‌ಮ್ಯಾನ್‌ನ ಯೌವನದ ಕಥೆಯಾದ 'ಸ್ಮಾಲ್‌ವಿಲ್' ಧಾರಾವಾಹಿಯಲ್ಲಿ, 2001ರಿಂದ 2011ರವರೆಗೆ. ಅಲ್ಲಿ ಮಗು ಕ್ಲಾರ್ಕ್‌ನ ಜೊತೆ ಬಿದ್ದ ಉಲ್ಕೆಯ ಹಸಿರು ಕಲ್ಲುಗಳೇ ಊರಿನವರಿಗೆ ವಾರಕ್ಕೊಂದು ವಿಚಿತ್ರ ಶಕ್ತಿ ಕೊಡುತ್ತವೆ.

ಎರಡು ಉದಾಹರಣೆ ಕೊಡುತ್ತೇನೆ, ಹೊಲಿಗೆ ಹೇಗೆ ಹಾಕಿದ್ದಾರೆ ನೋಡಿ. ಕಾಮಿಕ್ಸಿನಲ್ಲಿ ವೆದರ್ ವಿಝರ್ಡ್ ಎಂಬ ಖಳ ಇದ್ದಾನೆ, ಮಾರ್ಕ್ ಮಾರ್ಡನ್. ಹವಾಮಾನ ಬದಲಿಸುವ ಕೋಲನ್ನು ಕಂಡುಹಿಡಿದವನು ಅವನ ಸಹೋದರ ಕ್ಲೈಡ್, ಕ್ಲೈಡ್ ಸತ್ತ ಮೇಲೆ ಮಾರ್ಕ್ ಅದನ್ನು ಎತ್ತಿಕೊಂಡ. ಟಿವಿಯವರು ಕೋಲನ್ನು ಬಿಟ್ಟರು, ಸಹೋದರರಿಬ್ಬರನ್ನೂ ಉಳಿಸಿಕೊಂಡರು. ಅಲೆ ತಗಲಿ ಇಬ್ಬರಿಗೂ ಶಕ್ತಿ ಬರುತ್ತದೆ. ಮೊದಲ ಕಂತಿನಲ್ಲಿ ಕ್ಲೈಡ್ ಸಾಯುತ್ತಾನೆ, ಮುಂದೆ ಮಾರ್ಕ್ ಸೇಡಿಗೆ ಬರುತ್ತಾನೆ. ಕಾಮಿಕ್ಸಿನಲ್ಲಿ ಮೊದಲೇ ನಡೆದುಹೋದ ಸಾವು ಇಲ್ಲಿ ಎರಡು ಕಂತಿಗೆ ಸರಕಾಯಿತು. ಇನ್ನೊಬ್ಬ ಗರ್ಡರ್, ಟೋನಿ ವುಡ್‌ವರ್ಡ್. 2001ರ ಕಾಮಿಕ್ಸಿನಲ್ಲಿ ಅವನು ಉಕ್ಕಿನ ಕಾರ್ಖಾನೆಯ ಕಾರ್ಮಿಕ, ಕಾದ ಉಕ್ಕಿನ ತೊಟ್ಟಿಗೆ ಬಿದ್ದು ಲೋಹದ ಮನುಷ್ಯ ಆದವನು. ಟಿವಿಯಲ್ಲಿಯೂ ತೊಟ್ಟಿಗೇ ಬೀಳುತ್ತಾನೆ, ಆದರೆ ಬೀಳುವ ಕ್ಷಣ ಮಾತ್ರ ಸ್ಫೋಟದ ಕ್ಷಣ. ಪದ್ಯ ಅದೇ, ತಾಳ ಮಾತ್ರ ಬೇರೆ.

ಹೆಸರುಗಳ ತೊಂದರೆಯನ್ನೂ ಅವರು ಚೆನ್ನಾಗಿ ಬಿಡಿಸಿದ್ದಾರೆ. ಕ್ಯಾಪ್ಟನ್ ಕೋಲ್ಡ್, ಹೀಟ್ ವೇವ್ ಎಂಬ ಹೆಸರುಗಳು ಹಳೆಯ ಪುಟದಲ್ಲಿ ಸಲ್ಲುತ್ತವೆ, ಇವತ್ತಿನ ನಟನ ಬಾಯಲ್ಲಿ ಬಂದರೆ ಮಕ್ಕಳಾಟ ಎನ್ನಿಸುತ್ತದೆ. ಅದಕ್ಕೆ ಸಿಸ್ಕೊ ರಾಮೋನ್ ಎಂಬ ಹುಡುಗ ಎಂಜಿನಿಯರ್‌ಗೆ ಖಳರಿಗೆ ಹೆಸರಿಡುವ ಹುಚ್ಚು ಹಚ್ಚಿದರು. ಹೆಸರು ವಿಚಿತ್ರವಾಗಿದ್ದರೆ ಅದು ಸಿಸ್ಕೊನ ಸ್ವಭಾವ, ಧಾರಾವಾಹಿಯ ತಪ್ಪಲ್ಲ. ಕ್ಯಾಪ್ಟನ್ ಕೋಲ್ಡ್‌ನ ಹಿಮ ಕಾರುವ ಬಂದೂಕನ್ನು ತಯಾರಿಸಿದವನೂ ಸಿಸ್ಕೊನೇ ಆದದ್ದರಿಂದ ಸ್ಫೋಟಕ್ಕೆ ಸೇರದ ಖಳನೂ ಪ್ರಯೋಗಾಲಯಕ್ಕೆ ಗಂಟು ಬಿದ್ದ.

ಈಗ ಶಕ್ತಿಯ ಲೆಕ್ಕಕ್ಕೆ ಬರೋಣ. ಗರ್ಡರ್ ಬರುವುದು ಮೊದಲ ಸೀಸನ್ನಿನ ಆರನೇ ಕಂತಿನಲ್ಲಿ. ಉಕ್ಕಿನ ಮೈಯವನನ್ನು ಹೊಡೆದು ಬೀಳಿಸುವುದು ಹೇಗೆ? ಲೆಕ್ಕ ಹಾಕಿ ಹೇಳುತ್ತಾರೆ: 5.3 ಮೈಲಿ ದೂರದಿಂದ ಓಡಿ ಬಂದು ಗಂಟೆಗೆ 837 ಮೈಲಿ ವೇಗದಲ್ಲಿ ಗುದ್ದಬೇಕು. ನಮ್ಮ ಅಳತೆಯಲ್ಲಿ ಸುಮಾರು 8.5 ಕಿಲೋಮೀಟರ್ ದೂರ, ಗಂಟೆಗೆ ಸುಮಾರು 1,347 ಕಿಲೋಮೀಟರ್ ವೇಗ. ಶಬ್ದದ ವೇಗಕ್ಕಿಂತ ಹತ್ತು ಶೇಕಡಾ ಹೆಚ್ಚು. ಮಲ್ಪೆಯ ಕಡಲ ಬದಿಯಿಂದ ಹೊರಟು ಉಡುಪಿ ಪೇಟೆ ದಾಟಿ ಮಣಿಪಾಲದ ಏರಿನ ಹತ್ತಿರ ಯಾರಿಗೋ ಗುದ್ದಿದ ಹಾಗೆ.

ಈ ಸಂಖ್ಯೆಗಳನ್ನು ಬಾಯಿಗೆ ಬಂದ ಹಾಗೆ ಹೇಳಿದ್ದಾರೋ ಎಂದು ಪರೀಕ್ಷಿಸಬಹುದು. ವೇಗ ಒಂದೇ ಸಮನೆ ಏರುತ್ತ ಹೋಗಿ ಕೊನೆಯಲ್ಲಿ ಸೆಕೆಂಡಿಗೆ 374 ಮೀಟರ್ ಮುಟ್ಟಿತು ಎಂದಿಟ್ಟುಕೊಳ್ಳಿ. ಇಡೀ ಓಟಕ್ಕೆ ಸುಮಾರು 46 ಸೆಕೆಂಡು ಬೇಕು. ಪ್ರತಿ ಸೆಕೆಂಡಿಗೂ ವೇಗ ಸುಮಾರು 8.2 ಮೀಟರಿನಷ್ಟು ಏರುತ್ತದೆ. ಬಾವಿಗೆ ಬಿದ್ದ ಕಲ್ಲಿನ ವೇಗ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ, ಅದಕ್ಕಿಂತ ಇದು ಕಡಿಮೆ. ಅಂದರೆ ದೇಹಕ್ಕೆ ಇದು ತಡೆದುಕೊಳ್ಳುವಂಥದ್ದೇ. ಒಳ್ಳೆಯ ರಬ್ಬರ್ ಅಟ್ಟೆಗೆ ಒಣ ಡಾಂಬರಿನ ಮೇಲೆ ಸಿಗುವ ಹಿಡಿತಕ್ಕೂ ಇದು ಹತ್ತಿರ ಹತ್ತಿರ ಸಾಕಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ನೆನೆದ ರಸ್ತೆಯಾದರೆ ಹಿಡಿತ ಬಹಳ ಇಳಿಯುತ್ತದೆ, ಕಾಲು ಜಾರುತ್ತದೆ. ಇಷ್ಟು ದೂರದಿಂದ ಓಡಿ ಬಾ ಎಂದದ್ದರಲ್ಲಿ ಹುರುಳಿದೆ. ನೂರು ಮೀಟರಿನಲ್ಲಿ ಅದೇ ವೇಗ ಮುಟ್ಟಲು ಹೋದರೆ ಗುರುತ್ವದ ಎಪ್ಪತ್ತು ಪಟ್ಟು ಒತ್ತಡ ಬಿದ್ದು ಎಲುಬು ಉಳಿಯುವುದಿಲ್ಲ.

ಲೆಕ್ಕ ತಪ್ಪುವುದು ಕಾಲಿನಲ್ಲಿ ಅಲ್ಲ, ಗಾಳಿಯಲ್ಲಿ. ಬೈಕಿನಲ್ಲಿ ವೇಗ ಎರಡು ಪಟ್ಟಾದರೆ ಎದೆಗೆ ಹೊಡೆಯುವ ಗಾಳಿ ನಾಲ್ಕು ಪಟ್ಟಾಗುತ್ತದೆ. ಎದುರಿನಿಂದ ಮನುಷ್ಯನ ಮೈ ಅರ್ಧ ಚದರ ಮೀಟರ್ ಎಂದು ಹಿಡಿದರೆ ಆ ಕೊನೆಯ ವೇಗದಲ್ಲಿ ಗಾಳಿ ಒತ್ತುವುದು ನಾಲ್ಕು ಟನ್ನಿಗೂ ಮಿಕ್ಕಿದ ಭಾರದಷ್ಟು. ಎಪ್ಪತ್ತು ಕಿಲೋ ತೂಕದವನ ಅಟ್ಟೆ ರಸ್ತೆಯನ್ನು ಹಿಡಿದು ತಳ್ಳಬಲ್ಲದ್ದು ಅರುವತ್ತು ಕಿಲೋ ಭಾರದಷ್ಟು ಮಾತ್ರ. ಸುಮಾರು ಎಪ್ಪತ್ತು ಪಟ್ಟು ಸಾಲದು. ಅವನು ಶಬ್ದದ ವೇಗದ ಹತ್ತಿರವೂ ಹೋಗಲಾರ. ಕಾಮಿಕ್ಸಿನವರಿಗೆ ಇದು ಬೇಗನೆ ಹೊಳೆದಿತ್ತು. ಫ್ಲ್ಯಾಶ್‌ನ ಮೈ ಸುತ್ತ ಕಾಣದ ಒಂದು ಕವಚ ಇದೆ, ಗಾಳಿಯ ಘರ್ಷಣೆ ಅವನಿಗೆ ತಟ್ಟುವುದಿಲ್ಲ ಎಂದು ಬರೆದರು. 1990ರ ದಶಕದಲ್ಲಿ ಮಾರ್ಕ್ ವೇಡ್ ಎಲ್ಲ ಓಟಗಾರರಿಗೂ ಶಕ್ತಿ ಕೊಡುವ ಒಂದೇ ಮೂಲವನ್ನು ಕಲ್ಪಿಸಿ ಸ್ಪೀಡ್ ಫೋರ್ಸ್ ಎಂದು ಹೆಸರಿಟ್ಟರು. ಟಿವಿ ಅದನ್ನು ಹಾಗೆಯೇ ಎತ್ತಿಕೊಂಡಿತು.

ಊಟದ ಲೆಕ್ಕ ಇನ್ನೂ ಸ್ವಾರಸ್ಯ. ಎರಡನೇ ಕಂತಿನಲ್ಲಿ ಬ್ಯಾರಿ ತಲೆ ಸುತ್ತಿ ಬೀಳುತ್ತಾನೆ, ರಕ್ತದಲ್ಲಿ ಸಕ್ಕರೆ ಇಳಿದಿರುತ್ತದೆ. ಸಿಸ್ಕೊ ಲೆಕ್ಕ ಹಾಕಿ ನಿನಗೆ ಸುಮಾರು 850 ಟಾಕೊ ಬೇಕು ಎನ್ನುತ್ತಾನೆ. ಟಾಕೊ ಎಂದರೆ ಮೆಕ್ಸಿಕೊದವರ ಮಡಚಿದ ರೊಟ್ಟಿ, ಒಳಗೆ ಮಾಂಸ ತರಕಾರಿ ಇರುತ್ತದೆ. ಒಂದಕ್ಕೆ 200 ಕ್ಯಾಲೊರಿ ಎಂದು ಹಿಡಿದರೆ ಒಟ್ಟು 1,70,000. ಕವಚ ಇಲ್ಲ, ಗಾಳಿಯನ್ನೆಲ್ಲ ಸೀಳಿಕೊಂಡೇ ಓಡಬೇಕು ಎಂದಿಟ್ಟುಕೊಂಡು ಈಗ ಹೇಳಿದ 8.5 ಕಿಲೋಮೀಟರ್ ಓಟದ ಲೆಕ್ಕ ಹಾಕಿ. ಗಾಳಿಗೆ ಹೋಗುವ ಶಕ್ತಿ ಸುಮಾರು 43,000 ಕ್ಯಾಲೊರಿ. ನಮ್ಮ ಸ್ನಾಯು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಬಳಸಬಲ್ಲದು, ಮಿಕ್ಕಿದ್ದು ಬೆವರು, ಬಿಸಿ. ಹಾಗಾಗಿ ನಾಲ್ಕು ಪಟ್ಟು ತಿನ್ನಬೇಕು. 1,72,000. ಎರಡು ಸಂಖ್ಯೆಗಳು ಇಷ್ಟು ಹತ್ತಿರ ಬಂದದ್ದು ಕಾಕತಾಳೀಯ, ಮೈಯ ಅಳತೆಯನ್ನೋ ಟಾಕೊದ ಗಾತ್ರವನ್ನೋ ಸ್ವಲ್ಪ ಬದಲಿಸಿದರೆ ದೂರ ಹೋಗುತ್ತವೆ. ಆದರೆ ಸಂಖ್ಯೆಯ ಅಂದಾಜು ಮಟ್ಟ ಸರಿ ಇದೆ, ಅದನ್ನು ಮೆಚ್ಚಲೇಬೇಕು. ಕವಚವೇ ಇಲ್ಲದ ಓಟಗಾರನಿಗೆ ಹಸಿವು ಇಷ್ಟಿರುತ್ತದೆ. ಕವಚ ಇದ್ದರೆ ಗಾಳಿಯ ಪಾಲು ಹೋಯಿತು, ಅದೇ ಓಟಕ್ಕೆ 5,000 ಕ್ಯಾಲೊರಿಯ ಒಳಗೆ ಮುಗಿಯುತ್ತದೆ. ಮುಂದಿನ ಸೀಸನ್‌ಗಳಲ್ಲಿ ಬ್ಯಾರಿಯ ಹಸಿವಿನ ಮಾತು ಕಡಿಮೆಯಾಗುತ್ತ ಹೋಗುವುದು ಈ ದೃಷ್ಟಿಯಿಂದ ತಪ್ಪಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ? ವೇಗ ಏರಿಸುವುದರಲ್ಲಿ. ತಟ್ಟೆ ಬೀಳುವುದು ನಿಂತಂತೆ ಕಾಣುವವನಿಗೆ ಬಂದೂಕು ಹಿಡಿದ ಸಾಮಾನ್ಯ ಕಳ್ಳ ಎಂದಿಗೂ ಅಪಾಯ ಅಲ್ಲ. ಆದರೂ ಕಂತು 42 ನಿಮಿಷ ನಡೆಯಬೇಕು. ಆಗ ಬರಹಗಾರರಿಗೆ ಇರುವುದು ಎರಡೇ ದಾರಿ. ಒಂದು, ನಾಯಕ ನಿಂತು ಮಾತಾಡುವುದು. ಫ್ಲ್ಯಾಶ್ ಓಡಿ ಬಂದು ಖಳನ ಎದುರು ನಿಂತು ಮಾತು ಶುರು ಮಾಡಿದರೆ, ಆ ಕಂತಿನಲ್ಲಿ ಬರಹಗಾರರಿಗೆ ಬೇರೆ ಉಪಾಯ ಸಿಗಲಿಲ್ಲ ಎಂದು ತಿಳಿಯಬಹುದು. ಇನ್ನೊಂದು, ಖಳನೂ ಓಟಗಾರನೇ ಆಗುವುದು. ಮೊದಲ ಸೀಸನ್ನಿನಲ್ಲಿ ಥಾನ್, ಎರಡನೆಯದರಲ್ಲಿ ಝೂಮ್, ಮೂರನೆಯದರಲ್ಲಿ ಸವಿತಾರ್. ಮೂರೂ ವರ್ಷ ನಾಯಕನಿಗಿಂತ ವೇಗದ ವೈರಿ, ಮೂರೂ ವರ್ಷ ಇನ್ನೂ ವೇಗವಾಗಿ ಓಡು ಎಂಬುದೇ ಪರಿಹಾರ. ನನ್ನ ದೃಷ್ಟಿಯಲ್ಲಿ ಮೂರನೆಯ ಸಲ ಅದು ಸವಕಲಾಗಿತ್ತು. ನಾಲ್ಕನೇ ಸೀಸನ್ನಿಗೆ ಓಡದೆ ಕುಳಿತು ಯೋಚಿಸುವ ಥಿಂಕರ್ ಎಂಬ ಖಳನನ್ನು ತಂದದ್ದು ಅದಕ್ಕೇ. ಅದೇ ಹೊತ್ತಿಗೆ ಹಳೆಯ ಸ್ಫೋಟವೂ ಬರಿದಾಗಿತ್ತು, ಆ ರಾತ್ರಿ ಊರಿನಲ್ಲಿ ಇನ್ನೆಷ್ಟು ಜನ ಇದ್ದಾರು? ಅದಕ್ಕೆ ಒಂದು ಬಸ್ಸು, ಅದರಲ್ಲಿದ್ದ 12 ಜನರಿಗೆ ಹೊಸದಾಗಿ ಶಕ್ತಿ ಬಂತು ಎಂದು ಮತ್ತೊಂದು ಯಂತ್ರ ಹೂಡಿದರು.

ಸವಿತಾರ್ ಹೆಸರು ಕೇಳಿ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗಿರಬಹುದು. ಹೌದು, ಗಾಯತ್ರಿ ಮಂತ್ರದ ಸವಿತೃ. 1990ರ ದಶಕದ ಕಾಮಿಕ್ಸಿನಲ್ಲಿ ಮಾರ್ಕ್ ವೇಡ್ ಕಲ್ಪಿಸಿದ ಪಾತ್ರ ಇದು: ಶೀತಲ ಸಮರದ ಕಾಲದ ಒಬ್ಬ ವಿಮಾನ ಚಾಲಕ, ಸಿಡಿಲು ಹೊಡೆದು ವೇಗ ಪಡೆದು ತಾನೇ ಆ ಹೆಸರು ಇಟ್ಟುಕೊಂಡವನು. ಅವರು ಸವಿತೃವನ್ನು ಚಲನೆಯ ದೇವತೆ ಎಂದು ಕರೆದರು. ಋಗ್ವೇದದ ಸವಿತೃ ಸೂರ್ಯನ ಪ್ರೇರಕ ರೂಪ, ಎಲ್ಲವನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುವವನು. ಹೊರಗಿನವರು ಕೊಟ್ಟ ಅರ್ಥ ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಟಿವಿಯಲ್ಲಿ ಆ ಚಾಲಕನನ್ನು ಬಿಟ್ಟರು. ಮುಖವಾಡ ತೆಗೆದಾಗ ಅಲ್ಲಿರುವುದು ಭವಿಷ್ಯದ ಬ್ಯಾರಿಯೇ. ಆ ಸೀಸನ್ನಿನಲ್ಲಿ ಬ್ಯಾರಿಯ ಪ್ರೇಯಸಿ ಐರಿಸ್‌ಳ ಸಾವು ನಡೆಯಬೇಕಾದ ಬೀದಿಯ ಹೆಸರು ಇನ್ಫ್ಯಾಂಟಿನೊ ಬೀದಿ. 1956ರಲ್ಲಿ ಬ್ಯಾರಿಯನ್ನು ಮೊದಲು ಚಿತ್ರಿಸಿದ ಕೈಯ ಹೆಸರು.

ಕೆಲವೊಮ್ಮೆ ಅವರು ಕಥೆ ಬಿಟ್ಟು ಒಂದೇ ಚಿತ್ರವನ್ನು ಎತ್ತಿಕೊಳ್ಳುತ್ತಾರೆ. 1961ರ 'ದಿ ಫ್ಲ್ಯಾಶ್' 123ನೇ ಸಂಚಿಕೆಯ ಮುಖಪುಟದಲ್ಲಿ ನಡುವೆ ಒಂದು ಗೋಡೆ, ಒಂದು ಬದಿಯಿಂದ ಬ್ಯಾರಿ, ಇನ್ನೊಂದು ಬದಿಯಿಂದ ಜೇ, ಇಬ್ಬರೂ ಸಾಯಲಿರುವ ಒಬ್ಬ ಮನುಷ್ಯನ ಕಡೆಗೆ ಓಡಿ ಬರುತ್ತಿದ್ದಾರೆ. ಪುಸ್ತಕದ ಪಾತ್ರ ಎಂದುಕೊಂಡಿದ್ದ ಜೇ ಬೇರೊಂದು ಭೂಮಿಯಲ್ಲಿ ನಿಜವಾಗಿ ಇದ್ದಾನೆ ಎಂದು ಬ್ಯಾರಿಗೆ ತಿಳಿಯುವ ಕಥೆ ಅದು. ಹಲವು ಭೂಮಿಗಳ ಕಲ್ಪನೆ ಈ ಕಾಮಿಕ್ಸಿನಲ್ಲಿ ಬೇರೂರಿದ್ದು ಅಲ್ಲಿಂದ. 2015ರ ಅಕ್ಟೋಬರಿನಲ್ಲಿ ಎರಡನೇ ಸೀಸನ್ನಿನ ಒಂದು ಕಂತಿಗೆ ಅದೇ ಶೀರ್ಷಿಕೆ ಇಟ್ಟು, ಅದೇ ನಿಲುವಿನಲ್ಲಿ ಇಬ್ಬರನ್ನೂ ಓಡಿಸಿದರು. ಓದದವರಿಗೆ ಅದು ಒಂದು ಹೊಡೆದಾಟದ ದೃಶ್ಯ, ಓದಿದವರಿಗೆ ಐವತ್ತನಾಲ್ಕು ವರ್ಷದ ಹಿಂದಿನ ಮುಖಪುಟ.

ಕೊನೆಯದಾಗಿ, ಮೊದಲ ಕಂತಿನ ಕೊನೆಯ ದೃಶ್ಯ. ವೆಲ್ಸ್‌ನ ಗುಪ್ತ ಕೋಣೆಯಲ್ಲಿ ಭವಿಷ್ಯದ ಒಂದು ಪತ್ರಿಕೆ ಇದೆ, ತಾರೀಕು 2024ರ ಏಪ್ರಿಲ್ 25, ಮಹಾ ಸಂಕಟದಲ್ಲಿ ಫ್ಲ್ಯಾಶ್ ಮಾಯ ಎಂಬುದು ಶೀರ್ಷಿಕೆ. 1985ರ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್' ಓದಿದವರಿಗೆ ಅದು ಎದೆ ಝಲ್ಲೆನ್ನಿಸುವ ಮಾತು. ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಸ್ ಚಿತ್ರಿಸಿದ ಆ ಹನ್ನೆರಡು ಸಂಚಿಕೆಗಳ ಕಥೆಯಲ್ಲಿ, ಎಂಟನೇ ಸಂಚಿಕೆಯಲ್ಲಿ, ಎಲ್ಲ ಭೂಮಿಗಳನ್ನೂ ನಾಶ ಮಾಡಲಿರುವ ಫಿರಂಗಿಯ ಸುತ್ತ ಓಡಿ ಅದನ್ನು ಒಡೆದು ಬ್ಯಾರಿ ಸಾಯುತ್ತಾನೆ. ಉಳಿಯುವುದು ಬರಿಯ ಉಡುಪು, ಉಂಗುರ. 1988ರ ಇನ್ನೊಂದು ಕಾಮಿಕ್ಸಿನಲ್ಲಿ ಅದಕ್ಕೆ ಇನ್ನೂ ಒಂದು ಸುತ್ತು ಸೇರಿಸಿದರು: ಆ ಓಟದಲ್ಲಿ ಕಾಲದ ಹಿಂದಕ್ಕೆ ಹೋದ ಬ್ಯಾರಿಯೇ ಮಿಂಚಾಗಿ ಪ್ರಯೋಗಾಲಯದ ಕಪಾಟಿಗೆ ಹೊಡೆದ. ಅವನ ಸಾವೇ ಅವನ ಹುಟ್ಟು.

ಟಿವಿಗೆ ಈ ಸಾವು ಒಂದು ಸಾಲ. ಮೊದಲ ದಿನವೇ ಬರೆದುಕೊಟ್ಟಾಗಿದೆ, ತೀರಿಸಲೇಬೇಕು. ನಾಯಕನನ್ನು ಕೊಂದರೆ ಧಾರಾವಾಹಿ ನಿಲ್ಲುತ್ತದೆ. ಐದನೇ ಸೀಸನ್ನಿನ ಕೊನೆಗೆ ಪತ್ರಿಕೆಯ ತಾರೀಕು ತಾನಾಗಿ ಬದಲಾಗಿ 2019ರ ಡಿಸೆಂಬರ್ 10 ಆಯಿತು. ಸರಿಯಾಗಿ ಆ ದಿನವೇ 'ಕ್ರೈಸಿಸ್'ನ ಮೂರನೇ ಭಾಗ ಪ್ರಸಾರವಾಯಿತು. ಫ್ಲ್ಯಾಶ್ ಸಾಯಬೇಕು ಎಂಬುದು ಭವಿಷ್ಯವಾಣಿ. ಬ್ಯಾರಿ ಸಿದ್ಧನಾಗುತ್ತಾನೆ. ಆದರೆ ಭವಿಷ್ಯವಾಣಿಯಲ್ಲಿ ಇರುವುದು ಫ್ಲ್ಯಾಶ್ ಎಂಬ ಹೆಸರು ಮಾತ್ರ, ಯಾವ ಭೂಮಿಯ ಫ್ಲ್ಯಾಶ್ ಎಂದು ಇಲ್ಲ. ಇನ್ನೊಂದು ಭೂಮಿಯಿಂದ ಬಂದ ವಯಸ್ಸಾದ ಬ್ಯಾರಿ ಮುಂದೆ ಬಂದು ಇವನ ವೇಗವನ್ನು ಕಸಿದುಕೊಂಡು ತಾನೇ ಓಡಲು ಹತ್ತುತ್ತಾನೆ. 1990ರ ಅದೇ ಕೆಂಪು ಉಡುಪು, ಒಳಗೆ ಜಾನ್ ವೆಸ್ಲಿ ಶಿಪ್. ಓಡುತ್ತ ಓಡುತ್ತ ಅವನಿಗೆ ತನ್ನ ಹಳೆಯ ಧಾರಾವಾಹಿಯ ತುಣುಕು ಕಾಣುತ್ತದೆ, ಒಂದೇ ಸೀಸನ್ನಿಗೆ ನಿಂತುಹೋದ ಆ ಧಾರಾವಾಹಿಯ ದೃಶ್ಯವನ್ನೇ ಅಲ್ಲಿ ಹಾಕಿದ್ದಾರೆ. ಆಮೇಲೆ ಫಿರಂಗಿ ಒಡೆಯುತ್ತದೆ, 1985ರಲ್ಲಿ ಒಡೆದ ಹಾಗೆಯೇ. ಇಪ್ಪತ್ತೆಂಟು ವರ್ಷದ ಹಿಂದೆ ಮುಕ್ತಾಯವೇ ಇಲ್ಲದೆ ಬಿಟ್ಟಿದ್ದ ಫ್ಲ್ಯಾಶ್‌ಗೆ ಕಾಮಿಕ್ಸಿನ ಫ್ಲ್ಯಾಶ್‌ನ ಸಾವು ಸಿಕ್ಕಿತು.